ಆಡುಮಾತು ಕೆಟ್ಟ ಗ್ರಾಂಥಿಕವಲ್ಲ

ರೋಣ, ನರಗುಂದಗಳ ಎರೆಭೂಮಿಯ ಸೀಮೆಯಲ್ಲಿ, ಯಾವಗಲ್ಲಿನಂಥ ಊರುಗಳ ಅಕ್ಷರಬಲ್ಲ ಮನೆತನಗಳೊಳಗೆ, ಒಂದು ನಂಬಿಕೆಯು ಆಳವಾಗಿ ಬೇರೂರಿದೆ. ಪುಸ್ತಕದ ಕನ್ನಡವೇ ಶುದ್ಧವಾದದ್ದು. ಹೊಲದಲ್ಲಿ, ಸಂತೆಯಲ್ಲಿ, ಅಡಿಗೆಯ ಮನೆಯಲ್ಲಿ ನಾವು ಆಡುವದು ಅದೇ ಕನ್ನಡದ ಕೆಟ್ಟ ರೂಪವು. ಕಲಿತವನು ಅದನ್ನು ಎಷ್ಟು ಬೇಗ ಬಿಟ್ಟರೆ ಅಷ್ಟು ಒಳ್ಳೆಯದು ಎಂಬದೇ ಆ ನಂಬಿಕೆಯು. ಮಗುವು "ಐತಿ" ಎಂದರೆ ತಾಯಿಯೇ ಗದರಿಸಿ "ಇದೆ ಅನ್ನು" ಎನ್ನುತ್ತಾಳೆ. ಈ ನಂಬಿಕೆಯು ತಪ್ಪಾಗಿರುವದಷ್ಟೇ ಅಲ್ಲ, ಅದರಿಂದ ಜನರಿಗೆ ನಷ್ಟವೂ ಉಂಟಾಗುವದೆಂದು ನಾನು ಹೇಳುತ್ತೇನೆ.

ಮೊದಲು ಆಡುಮಾತಿಗೆ ವ್ಯಾಕರಣವಿಲ್ಲವೆಂಬ ಮಾತನ್ನು ಪರೀಕ್ಷಿಸೋಣ. ನಮ್ಮ ಸೀಮೆಯ ರೈತನು "ಕೊಟ್ಟ" ಎಂದರೆ ಕೊಡುವ ಕ್ರಿಯೆಯು ಹಿಂದೆ ಒಮ್ಮೆ ನಡೆಯಿತೆಂದು ಅರ್ಥವು. "ಕೊಟ್ಟಾನ" ಎಂದರೆ ಆ ಕ್ರಿಯೆಯು ಮುಗಿದು ಅದರ ಫಲವು ಈಗಲೂ ಇದೆಯೆಂದು ಅರ್ಥವು. ಗ್ರಾಂಥಿಕದಲ್ಲಿ ಇದಕ್ಕೆ "ಕೊಟ್ಟಿದ್ದಾನೆ" ಎನ್ನಬೇಕು. ಹೀಗೆಯೇ "ಬಂದಾನ", "ಹೇಳ್ಯಾನ", "ಮಾಡ್ಯಾಳ" ಎಂಬ ರೂಪಗಳು. ಓದುಬರಹ ಬಾರದವನೂ ಈ ಎರಡು ಕಾಲಗಳನ್ನು ಒಂದಕ್ಕೊಂದು ಬೆರಸುವದಿಲ್ಲ. ಇದು ವ್ಯಾಕರಣವಲ್ಲದೆ ಮತ್ತೇನು?

ಆದರೆ ಇಲ್ಲಿಯೇ ಒಂದು ಅಪಾಯವು ಅಡಗಿದೆ. ಶಾಲೆಯ ವ್ಯಾಕರಣದಲ್ಲಿ "ಕೊಟ್ಟಾನು" ಎಂಬದು ಸಂಭಾವನಾರ್ಥಕ ರೂಪವು. ಕೊಡಬಹುದು, ಕೊಡದೆಯೂ ಇರಬಹುದು ಎಂದು ಅದರ ಅಭಿಪ್ರಾಯವು. ಆಡುಮಾತಿನ "ಕೊಟ್ಟಾನ" ಮತ್ತು ಪುಸ್ತಕದ "ಕೊಟ್ಟಾನು" ಇವೆರಡರ ನಡುವೆ ಇರುವದು ಕೊನೆಯ ಒಂದು ಸ್ವರದ ಅಂತರವು ಮಾತ್ರ. ಮಾತಿಗೆ "ರೀ" ಸೇರಿ "ಕೊಟ್ಟಾನ್ರೀ" ಎಂದಾದರಂತೂ ಆ ಸ್ವರವೂ ಉಳಿಯುವದಿಲ್ಲ.

ಎರಡನೆಯ ಉದಾಹರಣೆಯೂ ಇಂಥದೇ. ನಮ್ಮಲ್ಲಿ "ಕೊಡಂಗಿಲ್ಲ" ಎಂದರೆ "ಕೊಡುವದಿಲ್ಲ" ಎಂದರ್ಥವು. ಆದರೆ ಅದನ್ನು ಬಿಡಿಸಿ "ಕೊಡುವ ಹಾಗಿಲ್ಲ" ಎಂದು ಬರೆದರೆ, ಗ್ರಾಂಥಿಕವನ್ನು ಓದುವವನು "ಕೊಡಲು ಅಪ್ಪಣೆಯಿಲ್ಲ" ಎಂದು ತಿಳಿಯುವನು. ಪದವು ಒಂದೇ, ಅರ್ಥವು ಬೇರೆ.

ಈಗ ಈ ಎರಡೂ ಒಂದೇ ವ್ಯವಹಾರದಲ್ಲಿ ಕೂಡಿದವೆಂದು ಎಣಿಸಿರಿ. ಒಬ್ಬ ರೈತನು ಹತ್ತಿ ಮಾರಿದ ಹಣದ ತಕರಾರನ್ನು ಕಚೇರಿಯಲ್ಲಿ ಹೇಳುತ್ತಾನೆ: "ಅವ ಅರ್ಧಾ ರೊಕ್ಕ ಕೊಟ್ಟಾನ್ರೀ. ಉಳಿದದ್ದು ಕೊಡಂಗಿಲ್ಲ ಅಂತಾನ್ರೀ." ಬರೆದುಕೊಳ್ಳುವವನು ಬೇರೆ ಸೀಮೆಯವನು, ಅಥವಾ ಈ ಸೀಮೆಯವನೇ ಆಗಿದ್ದು, ಆಡುಮಾತನ್ನು ತಿದ್ದಿ ಬರೆಯುವದೇ ತನ್ನ ಧರ್ಮವೆಂದು ಶಾಲೆಯಲ್ಲಿ ಕಲಿತವನು. ಅವನು ಹೀಗೆ ಬರೆಯುತ್ತಾನೆ: "ಅವನು ಅರ್ಧ ಹಣವನ್ನು ಕೊಟ್ಟಾನು. ಉಳಿದುದನ್ನು ಕೊಡುವ ಹಾಗಿಲ್ಲವೆನ್ನುತ್ತಾನೆ." ಬಂದು ಮುಟ್ಟಿದ ಹಣವು ಬರಬಹುದಾದ ಹಣವಾಯಿತು; ಎದುರಾಳಿಯ ಸ್ಪಷ್ಟವಾದ ನಿರಾಕರಣೆಯು ಒಂದು ನಿರ್ಬಂಧದ ನೆವವಾಯಿತು. "ಅರ್ಧ ಹಣವನ್ನು ಕೊಟ್ಟಿದ್ದಾನೆ. ಉಳಿದುದನ್ನು ಕೊಡುವದಿಲ್ಲವೆನ್ನುತ್ತಾನೆ" ಎಂದು ಬರೆಯಬೇಕಾಗಿತ್ತು.

ಬರೆದದ್ದನ್ನು ಓದಿ ಹೇಳಿದರೆ ತಪ್ಪು ಹೊರಬೀಳುವದಿಲ್ಲವೇ ಎಂದು ವಾಚಕರು ಕೇಳಬಹುದು. ಪೋಲೀಸರಿಗೆ ಬಾಯಿಂದ ಹೇಳಿದ ಫಿರ್ಯಾದಿಯನ್ನು ಬರೆದುಕೊಂಡು ಹೇಳಿದವನಿಗೆ ಓದಿ ತಿಳಿಸಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿಯೂ ಇತ್ತು. ಅದರ ಸ್ಥಾನದಲ್ಲಿ ಬಂದ 2023 ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173 ನೆಯ ಕಲಮಿನಲ್ಲಿಯೂ ಇದೆ. ನಿಯಮವು ಒಳ್ಳೆಯದೇ. ಆದರೆ "ಕೊಟ್ಟಾನು" ಎಂದು ಓದಿದಾಗ ರೈತನ ಕಿವಿಗೆ ಬೀಳುವದು ಅವನದೇ "ಕೊಟ್ಟಾನ". ಅವನು "ಹೌದ್ರೀ" ಎಂದು ತಲೆಯಾಡಿಸಿ ಹೆಬ್ಬೆಟ್ಟು ಒತ್ತುವನು. ಆದಕಾರಣ ಓದಿದರೆ ಸಾಲದು. "ಕೊಟ್ಟು ಮುಗಿಸ್ಯಾನೋ, ಇನ್ನು ಮುಂದ ಕೊಡ್ತಾನೋ? ಯಾವತ್ತು ಕೊಟ್ಟ?" ಎಂದು ಅವನ ಮಾತಿನಲ್ಲಿಯೇ ತಿರುಗಿ ಕೇಳಬೇಕು. ಉತ್ತರದಲ್ಲಿ ಒಂದು ದಿನವು ಬಂದರೆ ಕ್ರಿಯೆಯು ನಡೆದದ್ದೆಂದು ನಿಶ್ಚಯವಾಯಿತು. ಇನ್ನೂ ಮೇಲಾದ ಉಪಾಯವೆಂದರೆ, ತಕರಾರಿನ ಮುಖ್ಯವಾದ ಮಾತನ್ನು ಹೇಳಿದವನ ಬಾಯಲ್ಲಿ ಬಂದಂತೆಯೇ ಉದ್ಧರಣ ಚಿಹ್ನೆಯೊಳಗೆ ಬರೆದು, ಅದರ ಗ್ರಾಂಥಿಕ ಅರ್ಥವನ್ನು ಬದಿಗೆ ಕೊಡುವದು.

ಶುದ್ಧಿವಾದಿಗಳ ಇನ್ನೊಂದು ಆಕ್ಷೇಪವೆಂದರೆ, ಆಡುಮಾತಿನಲ್ಲಿ ಮರ್ಯಾದೆಯಿಲ್ಲವೆಂಬದು. ಸಂಗತಿಯು ಇದಕ್ಕೆ ತೀರ ವಿರುದ್ಧವಾಗಿದೆ. ಗ್ರಾಂಥಿಕದಲ್ಲಿ ಗೌರವವು ಸರ್ವನಾಮದ ಮತ್ತು ಕ್ರಿಯಾಪದದ ಬಹುವಚನದಲ್ಲಿ ತೋರುವದು; "ಹೌದು", "ಇಲ್ಲ" ಎಂಬ ಮಾತುಗಳಿಗೆ ಬಹುವಚನವಿಲ್ಲ. ಆದ್ದರಿಂದ ಹಿರಿಯರಿಗೂ "ಹೌದು", ಗೆಳೆಯನಿಗೂ "ಹೌದು" ಎನ್ನಬೇಕಾಗುವದು. ನಮ್ಮ ಆಡುಮಾತಾದರೋ ಹಿರಿಯರಿಗೆ "ಹೌದ್ರೀ", ಅಕ್ಕರೆಯಿಂದ "ಹೌದಪಾ", "ಹೌದವಾ", ಓರಗೆಯ ಗೆಳೆಯನಿಗೆ "ಹೌದಲೇ" ಎಂದು ಭೇದವನ್ನು ಮಾಡುವದು. ಗುರುಗಳಿಗೆ "ಇಲ್ರೀ" ಎಂದ ಹುಡುಗನನ್ನು ತಿದ್ದಿ "ಇಲ್ಲ" ಎನ್ನಿಸಿದ ಮಾಸ್ತರರು, ಶುದ್ಧಿಯ ಹೆಸರಿನಲ್ಲಿ ಅವನ ವಿನಯವನ್ನೇ ಕಿತ್ತುಹಾಕಿದಂತಾಯಿತು.

ಹಾಗಾದರೆ ಎಲ್ಲವನ್ನೂ ಆಡಿದಂತೆಯೇ ಬರೆಯೋಣವೆಂದು ಇನ್ನೊಂದು ಪಕ್ಷದವರು ಹೇಳುವರು. ಅವರ ಮಾತೂ ನನಗೆ ಸಮ್ಮತವಲ್ಲ. ಆಡುಮಾತು ಒಂದೇ ಇಲ್ಲ. ಈ ಸೀಮೆಯಲ್ಲಿಯೇ ಒಂದು ಮನೆಯಲ್ಲಿ "ಐತಿ", ಇನ್ನೊಂದು ಮನೆಯಲ್ಲಿ "ಅದ" ಎನ್ನುವರು. 1956 ರಲ್ಲಿ ಮುಂಬಯಿ, ಹೈದರಾಬಾದು, ಮದ್ರಾಸು ಪ್ರಾಂತಗಳ ಕನ್ನಡ ಭಾಗಗಳು ಮತ್ತು ಕೊಡಗು ಮೈಸೂರಿನೊಡನೆ ಕೂಡಿದವು. ಅಂದಿನಿಂದ ಬೀದರಿನಲ್ಲಿ ಬರೆದ ಕಾಗದವನ್ನು ಚಾಮರಾಜನಗರದಲ್ಲಿ ಓದಬೇಕಾಗಿದೆ. ಓದುವವನು ಎದುರಿಗಿಲ್ಲದಾಗ, ಅವನು ತಿರುಗಿ ಕೇಳಲು ಅನುಕೂಲವಿಲ್ಲದಾಗ, ಎಲ್ಲರಿಗೂ ಸಮಾನವಾದ ಗ್ರಾಂಥಿಕವೇ ಬೇಕು. ಕರಾರುಪತ್ರ, ಕಚೇರಿಯ ಆಜ್ಞೆ, ವರ್ತಮಾನದ ವಾಚನ, ನಾನಾ ಜಿಲ್ಲೆಗಳ ಜನರು ನೆರೆದ ಸಭೆಯ ಭಾಷಣ, ಶಾಸ್ತ್ರವಿಷಯದ ಬರಹ ಇವೆಲ್ಲ ಅದರ ಕ್ಷೇತ್ರವು. ಈ ಲೇಖನವನ್ನೂ ನಾನು ಅದೇ ಕಾರಣಕ್ಕಾಗಿ ಗ್ರಾಂಥಿಕದಲ್ಲಿ ಬರೆದಿದ್ದೇನೆ.

ಎದುರಿಗೆ ಕುಳಿತವನ ಉತ್ತರವು ಎಲ್ಲಿ ಅವಶ್ಯವೋ ಅಲ್ಲಿ ಆಡುಮಾತೇ ತಕ್ಕದ್ದು. ರೋಗಿಯ ಹಾಸಿಗೆಯ ಬಳಿಯಲ್ಲಿ "ನೋವು ಯಾವ ಭಾಗದಲ್ಲಿದೆ?" ಎಂದು ಕೇಳಿದರೆ ಮುದುಕಿಯು ಬೆದರಿ ಸುಮ್ಮನಾಗುವಳು; "ಎಲ್ಲಿ ನೋಯ್ತೈತಬೇ?" ಎಂದರೆ ಬೆರಳಿಟ್ಟು ತೋರಿಸುವಳು. ಗ್ರಾಮಸಭೆಯಲ್ಲಿ ಠರಾವನ್ನು ಗ್ರಾಂಥಿಕದಲ್ಲಿ ಬರೆಯಲಿ, ಆದರೆ ಚರ್ಚೆಯು ಊರಿನ ಮಾತಿನಲ್ಲಿ ನಡೆಯಲಿ. ಮುಗಿಸುವ ಮೊದಲು ಠರಾವಿನ ಅರ್ಥವನ್ನು ಅದೇ ಮಾತಿನಲ್ಲಿ ಬಿಡಿಸಿ ಹೇಳಲಿ. ಇಲ್ಲವಾದರೆ ಕೈ ಎತ್ತಿದವರಿಗೆ ತಾವು ಯಾವದಕ್ಕೆ ಕೈ ಎತ್ತಿದೆವೆಂಬದು ತಿಳಿಯದು.

ಶಾಲೆಯಲ್ಲಿ ಈ ಎರಡೂ ಕೂಡಬೇಕು. "ಐತಿ ಅನ್ನಬೇಡ" ಎಂಬ ನಿಷೇಧದಿಂದ ಮಗುವು ಗ್ರಾಂಥಿಕವನ್ನು ಕಲಿಯುವದಿಲ್ಲ, ಬಾಯಿ ಮುಚ್ಚುವದನ್ನು ಕಲಿಯುತ್ತದೆ. ಮಾಸ್ತರರು ಹಲಗೆಯ ಒಂದು ಬದಿಗೆ "ಕೊಟ್ಟಾನ", ಇನ್ನೊಂದು ಬದಿಗೆ "ಕೊಟ್ಟಿದ್ದಾನೆ". ಒಂದು ಬದಿಗೆ "ಕೊಡಂಗಿಲ್ಲ", ಇನ್ನೊಂದು ಬದಿಗೆ "ಕೊಡುವದಿಲ್ಲ" ಎಂದು ಬರೆದು ಜೋಡಿಜೋಡಿಯಾಗಿ ಕಲಿಸಲಿ. "ಕೊಟ್ಟಾನು" ಎಂಬದನ್ನು ಬೇರೆಯಾಗಿ ಬರೆದು ಅದರ ಅರ್ಥಭೇದವನ್ನು ತೋರಿಸಲಿ. ಹಾಗೆ ಕಲಿತ ಹುಡುಗನು ನಾಳೆ ಕಾರಕೂನನಾಗಿ ಕುಳಿತಾಗ, ಎದುರಿಗೆ ನಿಂತ ರೈತನಿಗೆ ಮುಟ್ಟಿದ ಹಣವನ್ನು ಮುಟ್ಟಿದೆಯೆಂದೇ ಬರೆಯುವನು.