ಗುಂಡಿಗೆ ದಂಡ, ಪ್ರಾಣಕ್ಕೆ ಸಲಹೆ

2013ರ ಏಪ್ರಿಲ್ 23ರಂದು ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟಂತಸ್ತಿನ ಕಟ್ಟಡ ಬಿರುಕು ಬಿಟ್ಟಿತು. ಎಂಜಿನಿಯರ್ ಬಂದು ನೋಡಿ ಅಪಾಯ ಎಂದರು. ಕೆಳಗಿದ್ದ ಬ್ಯಾಂಕ್ ತನ್ನ ಸಿಬ್ಬಂದಿಯನ್ನು ಮನೆಗೆ ಕಳಿಸಿತು, ಅಂಗಡಿಗಳು ಬಾಗಿಲು ಹಾಕಿದವು. ಮೇಲಿನ ಮಹಡಿಗಳ ಗಾರ್ಮೆಂಟ್ಸ್ ಕಾರ್ಖಾನೆಗಳು ಮಾತ್ರ ಮರುದಿನ ಬೆಳಿಗ್ಗೆ ಕೆಲಸಗಾರರನ್ನು ಒಳಗೆ ಅಟ್ಟಿದವು. ಬಾರದಿದ್ದರೆ ಸಂಬಳಕ್ಕೆ ಕತ್ತರಿ ಎಂಬ ಬೆದರಿಕೆ ಬೇರೆ. ಕರೆಂಟ್ ಹೋಯಿತು, ಮೇಲಂತಸ್ತುಗಳ ಜನರೇಟರ್‌ಗಳು ಅದುರಿದವು, ಕಟ್ಟಡ ಕುಸಿಯಿತು. ಸತ್ತವರು 1,100ಕ್ಕೂ ಹೆಚ್ಚು, ಗಾಯಗೊಂಡವರು 2,500ರಷ್ಟು. ಬಹುಪಾಲು ಹೆಣ್ಣುಮಕ್ಕಳು.

ಇದನ್ನು ದುರಂತ ಎಂದು ಕರೆದು ಕೈತೊಳೆದುಕೊಂಡವರಿಗೆ ಒಂದು ಪ್ರಶ್ನೆ: ಬಿರುಕು ಕಂಡ ಮೇಲೂ ಆ ಮಾಲೀಕರಿಗೆ ಒಂದು ದಿನ ರಜೆ ಕೊಡಲು ಯಾಕೆ ಧೈರ್ಯ ಬರಲಿಲ್ಲ? ಹಡಗಿನ ತಾರೀಖು ಕಾಯುತ್ತಿತ್ತು. ಈ ವ್ಯಾಪಾರದಲ್ಲಿ ಮಾಲು ತಡವಾದರೆ ಬಿಲ್ಲಿನಲ್ಲಿ ಕಡಿತ, ಇಲ್ಲವೇ ಕಾರ್ಖಾನೆಯ ಖರ್ಚಿನಲ್ಲೇ ವಿಮಾನದಲ್ಲಿ ರವಾನೆ. ಗುಂಡಿ ಸಡಿಲವಾದರೆ, ಅಳತೆ ತಪ್ಪಿದರೆ ಮಾಲು ವಾಪಸ್. ಇದೆಲ್ಲ ಕರಾರಿನಲ್ಲೇ ಇರುತ್ತದೆ. ಸಾವಿರಾರು ಮೈಲಿ ದೂರದ ಹೊಲಿಗೆ ಯಂತ್ರವನ್ನು ಕರಾರಿನಿಂದ ಕಟ್ಟಿಹಾಕುವ ವಿದ್ಯೆ ವಿದೇಶಿ ಬ್ರಾಂಡುಗಳಿಗೆ ಚೆನ್ನಾಗಿ ಗೊತ್ತು. ಆ ಯಂತ್ರದ ಮುಂದೆ ಕೂತವಳ ಪ್ರಾಣದ ಮಾತು ಬಂದಾಗ ಮಾತ್ರ ಅವರ ಬಾಯಲ್ಲಿ ಬರುವುದು 'ನೀತಿ ಸಂಹಿತೆ', 'ಮಾರ್ಗದರ್ಶಿ ಸೂತ್ರ', 'ಬದ್ಧತೆ'.

ಸೂತ್ರಗಳಿಗೇನೂ ಬರ ಇರಲಿಲ್ಲ. ಕಂಪನಿಗಳು ಮಾನವ ಹಕ್ಕುಗಳನ್ನು ಗೌರವಿಸಬೇಕೆನ್ನುವ ಮಾರ್ಗದರ್ಶಿ ತತ್ವಗಳನ್ನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2011ರಲ್ಲೇ ಒಮ್ಮತದಿಂದ ಒಪ್ಪಿತ್ತು. ಪಾಲಿಸದಿದ್ದರೆ ಏನು ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ. ರಾಣಾ ಪ್ಲಾಜಾದ ಕೆಲವು ಕಾರ್ಖಾನೆಗಳಲ್ಲಿ ಖಾಸಗಿ ಆಡಿಟ್ ಕೂಡ ನಡೆದಿತ್ತು. ಕಟ್ಟಡ ನಿಲ್ಲುತ್ತದೆಯೇ ಎಂದು ನೋಡುವುದು ಆಡಿಟ್‌ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಆಮೇಲೆ ಸಮಜಾಯಿಷಿ ಬಂತು. ಕಂಬ ನೋಡದೆ ಕಾಗದ ನೋಡಿ ಹೋಗುವ ತಪಾಸಣೆ ಯಾರ ರಕ್ಷಣೆಗೆ? ನಾಳೆ ಕೇಸು ಬಿದ್ದರೆ ತೋರಿಸಲು ಬ್ರಾಂಡಿಗೊಂದು ಫೈಲು ಬೇಕು, ಅಷ್ಟೆ.

ಪರಿಹಾರವೂ ಅವರ ಮರ್ಜಿಗೇ ಬಿಟ್ಟ ವಿಷಯವಾಯಿತು. ಸಂತ್ರಸ್ತರಿಗೆ 3 ಕೋಟಿ ಡಾಲರ್ ಬೇಕೆಂದು ಲೆಕ್ಕ ಹಾಕಿ ನಿಧಿ ತೆರೆದರು. ಮನಸ್ಸು ಬಂದವರು ಮನಸ್ಸು ಬಂದಷ್ಟು ಹಾಕಬಹುದಿತ್ತು. ಆ ಮೊತ್ತ ತುಂಬಲು 2015ರ ಜೂನ್ ಬರಬೇಕಾಯಿತು. ಕೈಕಾಲು ಕಳೆದುಕೊಂಡವರು ತಮ್ಮ ಹಕ್ಕಿನ ಹಣಕ್ಕೆ ದಾನಿಗಳ ದಾರಿ ಕಾದರು! ಕೆಲವರು ಕೆನಡಾದ ಕೋರ್ಟಿನ ಮೆಟ್ಟಿಲೇರಿ, ರಾಣಾ ಪ್ಲಾಜಾದಲ್ಲಿ ಹೊಲಿದ ಬಟ್ಟೆ ಮಾರಿದ ಕಂಪನಿಯ ವಿರುದ್ಧ ದಾವೆ ಹೂಡಿದರು. ಒಂಟಾರಿಯೊ ನ್ಯಾಯಾಲಯ ಅದನ್ನು ವಜಾ ಮಾಡಿತು, 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಮೇಲ್ಮನವಿಗೆ ಅವಕಾಶ ಕೊಡಲಿಲ್ಲ. ಬಟ್ಟೆ ನಮ್ಮದು, ಲಾಭ ನಮ್ಮದು, ಕಾರ್ಖಾನೆ ಮಾತ್ರ ಬೇರೆಯವರದು!

ಬೇರೆ ದಾರಿಯೇ ಇರಲಿಲ್ಲ ಎನ್ನುವವರಿಗೆ ಉತ್ತರ ಅದೇ ಬಾಂಗ್ಲಾದೇಶದಲ್ಲಿದೆ. ಕುಸಿತದ ಮರುತಿಂಗಳೇ ಕಾರ್ಮಿಕ ಸಂಘಟನೆಗಳು ಬ್ರಾಂಡುಗಳಿಂದ 'ಅಕಾರ್ಡ್' ಎಂಬ ಒಪ್ಪಂದಕ್ಕೆ ಸಹಿ ಹಾಕಿಸಿದವು. ಅದು ಕಾನೂನಿನಡಿ ಬದ್ಧವಾದ ಕರಾರು. ಸ್ವತಂತ್ರ ಎಂಜಿನಿಯರುಗಳು ಕಂಬ, ವೈರಿಂಗ್, ಬೆಂಕಿ ಬಾಗಿಲು ಪರೀಕ್ಷಿಸಿದರು. ವರದಿಗಳು ಬಹಿರಂಗವಾದವು. ರಿಪೇರಿಗೆ ಒಪ್ಪದ ಕಾರ್ಖಾನೆಗೆ ಆರ್ಡರ್ ನಿಂತಿತು. ಅಪಾಯ ಕಂಡರೆ ಕೆಲಸ ನಿರಾಕರಿಸುವ ಹಕ್ಕು ಕಾರ್ಮಿಕರಿಗೆ ಸಿಕ್ಕಿತು. ಏಪ್ರಿಲ್ 24ರ ಬೆಳಿಗ್ಗೆ ಇಲ್ಲದಿದ್ದದ್ದು ಇದೇ. ಮಾತು ತಪ್ಪಿದ ಎರಡು ಬ್ರಾಂಡುಗಳನ್ನು ಸಂಘಟನೆಗಳು ಹೇಗ್‌ನ ಪಂಚಾಯ್ತಿ ನ್ಯಾಯಾಲಯಕ್ಕೆ ಎಳೆದವು. ಅವುಗಳಲ್ಲಿ ಒಂದು 23 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಎಷ್ಟೋ ವರ್ಷಗಳ ಆಡಿಟ್ ನೋಡದ ಕಂಬಗಳು ಕರಾರಿಗೆ ಸಹಿ ಬಿದ್ದೊಡನೆ ಕಣ್ಣಿಗೆ ಬಿದ್ದವು.

ಆದರೂ ಈ ಪಾಠವನ್ನು ಕಾನೂನು ಮಾಡಲು ಜಗತ್ತಿಗೆ ಮನಸ್ಸಿಲ್ಲ. ಬಹುರಾಷ್ಟ್ರೀಯ ಕಂಪನಿಗಳನ್ನು ಬಂಧಿಸುವ ಅಂತರರಾಷ್ಟ್ರೀಯ ಒಪ್ಪಂದದ ಮಾತುಕತೆಗೆ 2014ರಲ್ಲಿ ಮತ ಹಾಕಿದಾಗ ಭಾರತ ಪರವಾಗಿತ್ತು, ಅಮೆರಿಕ ಮತ್ತು ಬ್ರಿಟನ್ ವಿರುದ್ಧ. ಆ ಕರಡು ಇನ್ನೂ ಎಳೆದಾಡುತ್ತಲೇ ಇದೆ. ಐರೋಪ್ಯ ಒಕ್ಕೂಟ ಇಂಥದೇ ಉದ್ದೇಶಕ್ಕೆ 2024ರಲ್ಲಿ ತಂದ ನಿರ್ದೇಶನದ ಜಾರಿಯನ್ನು ಮರುವರ್ಷವೇ ಮುಂದಕ್ಕೆ ತಳ್ಳಿತು.

ಅಕಾರ್ಡ್ ಆಮೇಲೆ ಪಾಕಿಸ್ತಾನಕ್ಕೂ ಹೋಯಿತು. ವಿದೇಶಿ ಬ್ರಾಂಡುಗಳಿಗೆ ಹೊಲಿಯುವ ಬೆಂಗಳೂರಿನ ಹೆಣ್ಣುಮಕ್ಕಳಿಗೆ ಅಂಥ ಕರಾರಿಲ್ಲ. ನಾವು ಕೇಳಬೇಕಾದದ್ದು ಬ್ರಾಂಡುಗಳ ಕರುಣೆಯನ್ನಲ್ಲ. ಗುಂಡಿಗೆ ಇರುವ ದಂಡದ ಷರತ್ತು ಅದೇ ಕರಾರಿನಲ್ಲಿ ಪ್ರಾಣಕ್ಕೂ ಇರಲಿ. ಅದನ್ನು ಮುರಿದವರನ್ನು ಅವರ ಊರಿನ ಕೋರ್ಟಿನ ಕಟಕಟೆಯಲ್ಲೇ ನಿಲ್ಲಿಸುವ ಹಕ್ಕು ಹೊಲಿದವಳಿಗಿರಲಿ.