ಮಣೂಕದ ರೇಟ್ ವಾಟ್ಸಾಪಿನಲ್ಲಿದ್ದರೆ, ದಾಖಲೆ ಎಲ್ಲಿದೆ?

ಘೋಣಸಗಿಯ ದ್ರಾಕ್ಷಿ ಬೆಳೆಗಾರರೊಬ್ಬರು ಹೋದ ಹಂಗಾಮಿನ ಕೊನೆಗೆ ನಮ್ಮ ಮುಂದೆ ಒಂದು ಕಾಗದ ಹಿಡಿದರು. "ಸರ, ಎಲ್ಲಾ ಇದರಾಗ ಐತ್ರಿ" ಅಂದರು. ಕಾಗದದ ನಡುವೆ ಉಗುರಿನಗಲದ ಒಂದು ಹಸಿರು ಗೆರೆ. ಅದೇ ವ್ಯಾಪಾರಿಯ ಜೊತೆಗಿನ ಪೂರ್ತಿ ಚಾಟ್. ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ.

ವಿಷಯ ಸಣ್ಣದಲ್ಲ. 2,000 ಕಿಲೋ ಮಣೂಕಕ್ಕೆ ಕಿಲೋಗೆ 190 ರೂಪಾಯಿ ಎಂದು ಮಾತಾಗಿತ್ತು, ಬಂದದ್ದು 170ರ ಲೆಕ್ಕದಲ್ಲಿ. ವ್ಯತ್ಯಾಸ 40,000 ರೂಪಾಯಿ. ಪಕ್ಕಾ ಬಿಲ್ ಇಲ್ಲ, ಇದ್ದದ್ದು ವಾಟ್ಸಾಪ್ ಮಾತ್ರ.

ಗೆರೆ ಹಾಗೇಕಾಯಿತು? ಅವರ ಮಗ ಹದಿನೈದು ಪರದೆಯ ಮಾತನ್ನು ಒಂದೇ ಉದ್ದ ಸ್ಕ್ರೀನ್‌ಶಾಟ್ ಮಾಡಿ ಪಿಡಿಎಫ್ ಮಾಡಿಸಿದ್ದ. ಎ4 ಹಾಳೆಯ ಎತ್ತರ 297 ಮಿಲಿಮೀಟರ್. ಹದಿನೈದು ಪರದೆಯನ್ನು ಆ ಎತ್ತರಕ್ಕೆ ಕುಗ್ಗಿಸಿದರೆ ಅಗಲ ಒಂಬತ್ತು ಮಿಲಿಮೀಟರಿಗೆ ಇಳಿಯುತ್ತದೆ. ಅದೇ ಎರಡು ಪರದೆ ಉದ್ದದ ಚಿತ್ರವಾದರೆ ಅಗಲ ಆರೂವರೆ ಸೆಂಟಿಮೀಟರ್ ಉಳಿಯುತ್ತದೆ, ಅಂದರೆ ಹೆಚ್ಚುಕಡಿಮೆ ಫೋನಿನಷ್ಟೇ. ಹಾಗಾಗಿ ಒಂದು ಹಾಳೆಗೆ ಎರಡು ಪರದೆ, ಅದಕ್ಕಿಂತ ಹೆಚ್ಚು ಬೇಡ. ಪ್ರತಿ ಚಿತ್ರದ ಕೊನೆಯ ಸಂದೇಶ ಮುಂದಿನ ಚಿತ್ರದ ಮೊದಲಿಗೆ ಮತ್ತೆ ಬರಲಿ. ಆಗ ನಡುವೆ ಏನೂ ಕತ್ತರಿಸಿಲ್ಲ ಎಂದು ಯಾರಾದರೂ ಓದಿ ತಿಳಿಯಬಹುದು. ಚಿತ್ರಗಳನ್ನು ಸಾಲಾಗಿ ಆರಿಸಿ, ಪ್ರಿಂಟ್ ಒತ್ತಿ, Save as PDF ಎಂದು ಉಳಿಸಿ. ಉಳಿಸಿದ ಮೇಲೆ ಪುಟಗಳ ಕ್ರಮ ಒಮ್ಮೆ ನೋಡಿ, ಕೆಲವು ಫೋನುಗಳು ಹಿಂದುಮುಂದು ಮಾಡುತ್ತವೆ. ಪುಕ್ಕಟೆ ಪಿಡಿಎಫ್ ಮಾಡಿಕೊಡುವ ಗೊತ್ತಿಲ್ಲದ ವೆಬ್‌ಸೈಟಿಗೆ ಮಾತ್ರ ಇವನ್ನು ಹಾಕಬೇಡಿ. ಚಾಟಿನಲ್ಲಿ ನಿಮ್ಮ ಬ್ಯಾಂಕ್ ಖಾತೆ ನಂಬರೂ ಇರುತ್ತದೆ.

ಇಷ್ಟು ಮಾಡಿದರೂ ಚಿತ್ರದಲ್ಲಿ ಒಂದು ಕೊರತೆ ಉಳಿಯುತ್ತದೆ. ಮಾತಾದ ವಾರದಲ್ಲೇ ತೆಗೆದ ಸ್ಕ್ರೀನ್‌ಶಾಟಿನಲ್ಲಿ ತಾರೀಖಿನ ಜಾಗದಲ್ಲಿ "ಇಂದು", "ನಿನ್ನೆ" ಅಥವಾ ವಾರದ ಹೆಸರು ಇರುತ್ತದೆ. ಆರು ತಿಂಗಳ ಮೇಲೆ ಆ "ನಿನ್ನೆ" ಯಾವ ದಿನ?

ಅದಕ್ಕೆ ಇನ್ನೊಂದು ಪ್ರತಿ ಬೇಕು. ಆ ಚಾಟ್ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, More, ನಂತರ Export chat ಒತ್ತಿ. ಪ್ರತಿ ಸಂದೇಶಕ್ಕೂ ತಾರೀಖು, ಸಮಯ ಇರುವ ಪಠ್ಯದ ಫೈಲ್ ಬರುತ್ತದೆ. ಅದನ್ನು ನಿಮ್ಮದೇ ಇಮೇಲಿಗೆ ಕಳಿಸಿ, ತೆರೆದು, ಅದೇ ರೀತಿ ಪಿಡಿಎಫ್ ಮಾಡಿ. ನಮ್ಮ ಬೆಳೆಗಾರರ ರೇಟಿನ ಮಾತು ಅರ್ಧ ವಾಯ್ಸ್ ಮೆಸೇಜಿನಲ್ಲೇ ಇತ್ತು. ಚಿತ್ರದಲ್ಲಿ ಅದು ಬರೀ ಅಲೆಯ ಗೆರೆ. ಅಂಥ ಚಾಟಿಗೆ Include media ಆರಿಸಿದರೆ ದನಿಯ ಫೈಲೂ ಜೊತೆಗೆ ಬರುತ್ತದೆ. ಅದನ್ನು ಉಳಿಸಿಕೊಳ್ಳಿ, ಹೇಳಿದ್ದನ್ನು ಬೇರೆ ಹಾಳೆಯಲ್ಲಿ ಬರೆದಿಡಿ.

ಇಲ್ಲಿ ಎಲ್ಲರೂ ಎಡವುವುದು ಹೆಸರಿನಲ್ಲಿ. ಪಠ್ಯದ ಫೈಲಿನಲ್ಲಿ ಬರುವುದು ನೀವು ಫೋನಿನಲ್ಲಿ ಬರೆದುಕೊಂಡ ಹೆಸರು, ನಂಬರ್ ಅಲ್ಲ. ಅವರ ಫೋನಿನಲ್ಲಿ ವ್ಯಾಪಾರಿ "ಸೇಠ್" ಆಗಿದ್ದ. ಸೇಠ್ ಅಂದರೆ ಯಾರು ಬೇಕಾದರೂ ಆಗಬಹುದು. ಆದ್ದರಿಂದ ನಂಬರ್ ಕಾಣುವ ಅವರ ಪ್ರೊಫೈಲ್ ಪುಟದ ಚಿತ್ರವೇ ಪಿಡಿಎಫಿನ ಮೊದಲ ಹಾಳೆಯಾಗಲಿ.

ಈಗ ನಾವು ಹೇಳಬೇಕಾದ ಮುಖ್ಯ ಮಾತು. ಪಿಡಿಎಫ್ ಆಯಿತೆಂದು ಚಾಟ್ ಅಳಿಸುವವರನ್ನು, ಹಳೆ ಫೋನ್ ಮಾರುವವರನ್ನು ನಾವು ಕಂಡಿದ್ದೇವೆ. ಇದು ಬಾವಿ ಮುಚ್ಚಿ ಕೊಡ ಕಾಯ್ದಂತೆ. ಪಠ್ಯವನ್ನೂ ಚಿತ್ರವನ್ನೂ ಯಾರು ಬೇಕಾದರೂ ತಿದ್ದಬಹುದು ಎಂದು ಎದುರಿನವರು ವಾದಿಸುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಪ್ರತಿ ಕೊಡುವವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು. ಮೂಲ ಫೋನನ್ನೇ ಅದರ ಮಾಲೀಕರು ಹಾಜರುಪಡಿಸಿದರೆ ಪ್ರಮಾಣಪತ್ರ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ, ಹಳೆಯ ಕಾಯ್ದೆಯಡಿ, ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಹೇಳಿತ್ತು. ಅಂದರೆ ಪಿಡಿಎಫ್ ವಕೀಲರಿಗೆ, ಪಂಚರಿಗೆ ಓದಿ ತೋರಿಸಲಿಕ್ಕೆ. ಸಾಕ್ಷಿಯ ಬೇರು ನಿಮ್ಮ ಫೋನಿನಲ್ಲಿದೆ.

ಬೆಳೆಗಾರರ ಅದೃಷ್ಟ, ಅವರು ಚಾಟ್ ಅಳಿಸಿರಲಿಲ್ಲ. ಹೊಸದಾಗಿ ಮಾಡಿದ ಪಿಡಿಎಫ್ ಒಂಬತ್ತು ಪುಟ: ನಂಬರಿನ ಒಂದು, ಚಿತ್ರದ ಎಂಟು. ತಾರೀಖಿನ ಪಠ್ಯ, ದನಿಯ ಫೈಲ್ ಬೇರೆ. ಅದನ್ನು ಹಿಡಿದು ವ್ಯಾಪಾರಿಯ ಮುಂದೆ ಕೂತಾಗ "ನಾ ಹಂಗ ಅಂದೇ ಇಲ್ಲ" ಎಂಬ ಮಾತು ಮತ್ತೆ ಬರಲಿಲ್ಲ. ಹಣದ ಮಾತುಕತೆ ಇನ್ನೂ ನಡೆದಿದೆ.

ಮುಂದಿನ ಹಂಗಾಮಿಗೆ ನಮ್ಮ ಸಲಹೆ ಇಷ್ಟೇ: ಜಗಳವಾಗುವ ತನಕ ಕಾಯದೆ, ಮಾಲು ಗಾಡಿಗೆ ಹತ್ತಿದ ದಿನವೇ ಆ ಚಾಟನ್ನು Export ಮಾಡಿ ಇಡಿ.