ಸ್ಥಿರ ದೂರವಾಣಿ ಲೈನ್‌ಗಳ ಪರೀಕ್ಷೆ ಮತ್ತು ದುರಸ್ತಿ ಕೋರಿ ಮನವಿ ಪತ್ರ

ಇವರಿಗೆ,
ಅಧ್ಯಕ್ಷರು, ದೂರವಾಣಿ ಸಲಹಾ ಸಮಿತಿ

ಇವರಿಂದ,
ಮಲೆನಾಡಿನ ಹಳ್ಳಿಯೊಂದರ ದೂರವಾಣಿ ಚಂದಾದಾರರು

ಮಾನ್ಯರೇ,

ನಮ್ಮೂರು ಗುಡ್ಡದ ತಗ್ಗಿನಲ್ಲಿದೆ, ಮೊಬೈಲ್ ಸಿಗ್ನಲ್ ಹತ್ತುವುದಿಲ್ಲ. ಕಳೆದ ಮಳೆಗಾಲದಲ್ಲಿ ಇಲ್ಲಿನ ಒಂದು ಮನೆಯ ಮಗಳಿಗೆ ಶುಶ್ರೂಷಕಿ ಹುದ್ದೆಗೆ ಫೋನಿನಲ್ಲಿ ಸಂದರ್ಶನವಿತ್ತು. ಸಂಜೆ 4 ಗಂಟೆಗೆ ಕರೆ ಬರಬೇಕಿತ್ತು. ಬೆಳಿಗ್ಗೆ ರಿಸೀವರ್ ಎತ್ತಿದರೆ ಟೋನ್ ಇಲ್ಲ. ದೂರು ಕೊಡುವುದಕ್ಕೂ ಫೋನೇ ಬೇಕು! ಅವಳ ಅಣ್ಣ ಬೈಕಿನಲ್ಲಿ ಪೇಟೆಗೆ ಹೋಗಿ ದೂರು ಬರೆಸಿ ಬಂದ. ಲೈನ್‌ಮನ್ ನಾಳೆ ಬರುತ್ತಾರೆಂಬ ಉತ್ತರ ಸಿಕ್ಕಿತು.

ಮನೆಯವರು ಕಾಯಲಿಲ್ಲ. ಹಿಂದೆ ಕೇಬಲ್ ಕೆಲಸಕ್ಕೆ ಹೋಗುತ್ತಿದ್ದ ಚಿಕ್ಕಪ್ಪ ಪಕ್ಕದ ಮನೆಯ ಫೋನ್ ತಂದು ಗೋಡೆಯ ಪೆಟ್ಟಿಗೆಗೆ ಹಾಕಿ ನೋಡಿದರು. ಅದೂ ಮೂಕ, ಅಂದರೆ ದೋಷ ಇವರ ಫೋನಿನದಲ್ಲ. ಕಂಬದ ಡಿಪಿ ಪೆಟ್ಟಿಗೆಯಲ್ಲಿ ಅದೇ ಫೋನಿಗೆ ಟೋನ್ ಬಂತು. ಹಾಗಾದರೆ ಎಕ್ಸ್‌ಚೇಂಜಿನಿಂದ ಕಂಬದವರೆಗೆ ಲೈನ್ ಸರಿಯಿದೆ, ಕೆಟ್ಟಿರುವುದು ಅಡಿಕೆ ತೋಟದ ಮೇಲೆ ಹಾದುಬರುವ ತಂತಿ. (ಗ್ರಾಹಕರು ಡಿಪಿ ಪೆಟ್ಟಿಗೆ ಮುಟ್ಟಬಾರದೆಂಬುದು ನಮಗೂ ಗೊತ್ತು. ಅಂದು ಮುಟ್ಟಬೇಕಾದವರು ಯಾರೂ ಇರಲಿಲ್ಲ.)

ಅಪ್ಪ, ಅಣ್ಣ ಮಳೆಯಲ್ಲೇ ತಂತಿಯ ಜಾಡು ಹಿಡಿದರು. ಎಲ್ಲೂ ಕಡಿದಂತೆ ಕಾಣಲಿಲ್ಲ. ಹಲಸಿನ ಮರದ ಬಳಿ ಹಳೆಯ ಗಂಟೊಂದಿತ್ತು. ಟೇಪ್ ಬಿಚ್ಚಿದರೆ ಒಳಗೆ ನೀರು, ತಾಮ್ರಕ್ಕೆ ಹಸಿರು ಕಿಲುಬು. ಎರಡು ಎಳೆಗಳಲ್ಲಿ ಒಂದು ಕೈಗೇ ಬಂತು. ಕೆರೆದು, ಹೊಸೆದು, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರು. ಮೂರೂವರೆಗೆ ಮಗಳು ಜಗಲಿಯಿಂದ ಕೂಗಿದಳು: "ಅಪ್ಪಯ್ಯಾ, ಟೋನ್ ಬಂತು!"

ನಾಲ್ಕಾಯಿತು, ಐದಾಯಿತು, ಕರೆ ಬರಲಿಲ್ಲ. ಮರುದಿನ ವಿಚಾರಿಸಿದಾಗ ತಿಳಿದದ್ದು: ಸಂದರ್ಶಕರು 3 ಗಂಟೆಗೇ ಕರೆ ಮಾಡಿದ್ದರು, ರಿಂಗ್ ಆಗುತ್ತಿತ್ತು, ಯಾರೂ ಎತ್ತಲಿಲ್ಲವೆಂದು ಗೈರುಹಾಜರಿ ಬರೆದುಕೊಂಡಿದ್ದರು.

ಅವರು ಸುಳ್ಳು ಹೇಳಿಲ್ಲ. ಕರೆ ಮಾಡುವವರಿಗೆ ಕೇಳುವ ರಿಂಗ್ ನಮ್ಮ ಮನೆಯ ಗಂಟೆಯ ಸದ್ದಲ್ಲ, ಎಕ್ಸ್‌ಚೇಂಜ್ ಕೇಳಿಸುವ ದನಿ. ತಂತಿ ಕಡಿದಿದ್ದರೂ ಅದು ಕೇಳುತ್ತಲೇ ಇರುತ್ತದೆ. ಹೀಗಾಗಿ ಸತ್ತ ಲೈನಿನ ಹೊಣೆ ಫೋನ್ ಎತ್ತದವರ ತಲೆಗೆ ಬರುತ್ತದೆ.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ಇದು: ತಂತಿ ಕಡಿದಿದೆಯೇ ಎಂಬುದನ್ನು ಎಕ್ಸ್‌ಚೇಂಜಿನಲ್ಲೇ ಕುಳಿತು ಅಳೆದು ತಿಳಿಯಬಹುದು. ಮಳೆಗಾಲದಲ್ಲಿ ಪ್ರತಿ ರಾತ್ರಿ ನಮ್ಮ ಲೈನ್‌ಗಳನ್ನು ಹೀಗೆ ಪರೀಕ್ಷಿಸಬೇಕು. ಕಡಿದದ್ದು ಕಂಡರೆ ನಮ್ಮ ದೂರಿಗೆ ಕಾಯದೆ ದುರಸ್ತಿ ಪಟ್ಟಿಗೆ ಸೇರಿಸಬೇಕು. ಕಂಬದಿಂದ ಮನೆಗೆ ಬರುವ ತಂತಿಯಲ್ಲಿ ಗಂಟುಗಳಿದ್ದರೆ ಮಳೆಗೆ ಮುಂಚೆಯೇ ಅಖಂಡ ತಂತಿ ಎಳೆಸಬೇಕು.

ಇವೆಲ್ಲಕ್ಕೆ ಸಮಯ ಹಿಡಿಯಬಹುದು. ಆದರೆ ಆ ದಿನ 3 ಗಂಟೆಗೆ ಲೈನ್ ಕೆಟ್ಟಿತ್ತೆಂಬ ದೃಢೀಕರಣ ಪತ್ರವನ್ನು ಆ ಹುಡುಗಿಗೆ ಈ ವಾರವೇ ಕೊಡಿಸಬೇಕು. ಪತ್ರ ತಂದರೆ ಮತ್ತೆ ಸಂದರ್ಶನ ನಡೆಸುವುದಾಗಿ ಸಂದರ್ಶಕರು ಹೇಳಿದ್ದಾರೆ. ಪೇಟೆಯಲ್ಲಿ ಬರೆಸಿದ ದೂರಿನ ಚೀಟಿಯ ಪ್ರತಿಯನ್ನು ಇದರೊಂದಿಗೆ ಲಗತ್ತಿಸಿದ್ದೇವೆ.

ಇಂತಿ,
ಊರಿನ ದೂರವಾಣಿ ಚಂದಾದಾರರು